ಏರುವ ಖರ್ಚು, ಏರದ ಪಿಂಚಣಿ: ಮೂವತ್ತು ವರ್ಷದ ಲೆಕ್ಕದಲ್ಲಿ ಎಡವುವ ಜಾಗ

ರಾಯಚೂರಿನ ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಗಂಡ ಹೆಂಡತಿ ಇಬ್ಬರೇ, ವಯಸ್ಸು 60, ಮನೆ ಸ್ವಂತದ್ದು. ಜೋಳ, ಬೇಳೆ, ಸಿಲಿಂಡರ್, ಔಷಧಿ, ಓಡಾಟ ಎಲ್ಲ ಸೇರಿ ತಿಂಗಳಿಗೆ 30,000 ರೂ. ಖರ್ಚು. ಇದನ್ನು ಹನ್ನೆರಡು ತಿಂಗಳ ಮೊತ್ತ ಹಿಡಿದೇ ಲೆಕ್ಕ ಹಾಕಬೇಕು. ಜನವರಿಯ ಜೆಸ್ಕಾಂ ಬಿಲ್ ನೋಡಿ ಹನ್ನೆರಡರಿಂದ ಗುಣಿಸಿದರೆ, ಏಪ್ರಿಲ್ ಮೇ ತಿಂಗಳು ಹಗಲೂ ರಾತ್ರಿ ಓಡುವ ಕೂಲರ್ ಲೆಕ್ಕದಿಂದ ಜಾರಿಹೋಗುತ್ತದೆ. ವರ್ಷದ ಖರ್ಚು 3.6 ಲಕ್ಷ.

ಬೆಲೆ ಏರಿಕೆ ವರ್ಷಕ್ಕೆ 6% ಎಂದು ಹಿಡಿಯೋಣ. ರಿಸರ್ವ್ ಬ್ಯಾಂಕಿನ ಗುರಿ 4%, ಮೇಲಿನ ಮಿತಿ 6%. ಇಷ್ಟು ಉದ್ದದ ಲೆಕ್ಕಕ್ಕೆ ಮೇಲಿನ ಮಿತಿಯೇ ವಾಸಿ. 72ನ್ನು 6ರಿಂದ ಭಾಗಿಸಿದರೆ 12, ಅಂದರೆ ಹನ್ನೆರಡು ವರ್ಷಕ್ಕೊಮ್ಮೆ ಖರ್ಚು ದುಪ್ಪಟ್ಟು. ಈಗಿನ 30,000 ರೂ. ಬದುಕಿಗೆ 72ನೇ ವಯಸ್ಸಿನಲ್ಲಿ 60,000, 90ರಲ್ಲಿ ಸುಮಾರು 1.72 ಲಕ್ಷ ಬೇಕು. ಉಳಿತಾಯದ ಮೇಲೆ ತೆರಿಗೆ ಕಳೆದು ಕೈಗೆ ಸಿಗುವುದು 8% ಎಂದಿರಲಿ.

ಮೂವತ್ತು ವರ್ಷ ನಡೆಯಲು ಈಗ ಕೈಯಲ್ಲಿ ಎಷ್ಟು ಇರಬೇಕು? ಬೆಲೆ ಏರಿಕೆ ಮರೆತರೆ 43.8 ಲಕ್ಷ ಸಾಕೆಂದು ಲೆಕ್ಕ ಬರುತ್ತದೆ. ಖರ್ಚು ನಿಜವಾಗಿ 6% ಏರಿದರೆ ಆ ಹಣ 73ನೇ ವಯಸ್ಸಿಗೇ ಬರಿದು. ಏರಿಕೆ ಸೇರಿಸಿದರೆ ಬೇಕಾಗುವುದು 83.4 ಲಕ್ಷ. ಸ್ಪ್ರೆಡ್‌ಶೀಟ್‌ನಲ್ಲಿ ಹೀಗೆ:

```
=PV(1.08/1.06-1,30,-360000,0,1)
```

ಕೊನೆಯ 1 ಬಿಡಬೇಡಿ. ಹಣವನ್ನು ವರ್ಷದ ಆರಂಭದಲ್ಲೇ ತೆಗೆಯುತ್ತೇವೆ ಎಂದು ಅದರ ಅರ್ಥ. 8ರಲ್ಲಿ 6 ಕಳೆದು 2% ಎಂದು ಬರೆಯುವುದೂ ಬೇಡ. ಭಾಗಿಸಿದಾಗ ಸಿಗುವುದು 1.89%. ವ್ಯತ್ಯಾಸ ಸಣ್ಣದು ಅನ್ನಿಸುತ್ತದೆ, ಮೂವತ್ತು ವರ್ಷಕ್ಕೆ ಸಣ್ಣದಾಗಿ ಉಳಿಯುವುದಿಲ್ಲ.

ಇಲ್ಲಿಯವರೆಗೆ ಎಲ್ಲರೂ ಬರುತ್ತಾರೆ. ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಈ ಮನೆಗೆ ಭವಿಷ್ಯ ನಿಧಿ ಕಡೆಯಿಂದ ಬರುವ ಇಪಿಎಸ್-95 ಪಿಂಚಣಿ ಮತ್ತು ವಿಮಾ ಕಂಪನಿಗೆ ಒಮ್ಮೆ ಹಣ ಕಟ್ಟಿ ತಿಂಗಳು ತಿಂಗಳು ಪಡೆಯುವ ಒಂದು ಆನ್ಯುಯಿಟಿ ಸೇರಿ ತಿಂಗಳಿಗೆ 10,000 ರೂ. ಬರುತ್ತದೆ ಅಂದುಕೊಳ್ಳಿ. 30,000ದಲ್ಲಿ 10,000 ಕಳೆದು, ಉಳಿದ 20,000ಕ್ಕೆ ಮೇಲಿನ ಸೂತ್ರ ಹಾಕಿದರೆ 55.6 ಲಕ್ಷ ಬರುತ್ತದೆ. ನೋಡಲು ಸರಿಯಾಗಿಯೇ ಇದೆ, ಆದರೆ ತಪ್ಪು. ಹಾಗೆ ಕಳೆದ ಕೂಡಲೇ, ಆ 10,000 ಕೂಡ ವರ್ಷಕ್ಕೆ 6% ಏರುತ್ತದೆ ಎಂದು ನಮಗೆ ಗೊತ್ತಿಲ್ಲದೆ ಒಪ್ಪಿಕೊಂಡಂತೆ. ಈ ಪಿಂಚಣಿಗೆ ತುಟ್ಟಿಭತ್ಯೆ ಇಲ್ಲ, ಸಾಮಾನ್ಯ ಆನ್ಯುಯಿಟಿಯೂ ಏರುವುದಿಲ್ಲ. ಮೂವತ್ತನೇ ವರ್ಷವೂ ಬರುವುದು ಅದೇ 10,000.

ವರ್ಷ ವರ್ಷ ಬಿಡಿಸಿ ನೋಡಿದರೆ ತಿಳಿಯುತ್ತದೆ. ಮೊದಲ ವರ್ಷ ಉಳಿತಾಯದಿಂದ ತಿಂಗಳಿಗೆ 20,000 ತೆಗೆಯುತ್ತೇವೆ. ಎರಡನೇ ವರ್ಷ ಖರ್ಚು 31,800, ಪಿಂಚಣಿ ಅಷ್ಟೇ, ತೆಗೆಯಬೇಕಾದ್ದು 21,800. ಖರ್ಚು ಏರಿದ್ದು 6%, ಉಳಿತಾಯದ ಮೇಲೆ ಬಿದ್ದ ಭಾರ ಏರಿದ್ದು 9%. 72ನೇ ವಯಸ್ಸಿಗೆ ತಿಂಗಳಿಗೆ 50,000 ದಾಟುತ್ತದೆ. ಖರ್ಚು ದುಪ್ಪಟ್ಟಾಗುವಷ್ಟರಲ್ಲಿ ಉಳಿತಾಯದಿಂದ ತೆಗೆಯುವುದು ಎರಡೂವರೆ ಪಟ್ಟು. 55.6 ಲಕ್ಷ ಇಟ್ಟುಕೊಂಡವರಿಗೆ 83ನೇ ವಯಸ್ಸಿನಲ್ಲಿ ಹಣ ಸಾಲದೆ ಬರುತ್ತದೆ.

ಹಾಗಾಗಿ ಎರಡನ್ನೂ ಬೇರೆ ಬೇರೆ ಬೆಲೆ ಕಟ್ಟಿ ಆಮೇಲೆ ಕಳೆಯಬೇಕು. ಏರುವ ಖರ್ಚಿಗೆ 1.89%, ಏರದ ಪಿಂಚಣಿಗೆ ಪೂರ್ತಿ 8%:

```
=PV(1.08/1.06-1,30,-360000,0,1)-PV(0.08,30,-120000,0,1)
```

ಉತ್ತರ ಸುಮಾರು 68.9 ಲಕ್ಷ. ಮೊದಲಿನ ತಪ್ಪು ಲೆಕ್ಕಕ್ಕಿಂತ 13 ಲಕ್ಷ ಹೆಚ್ಚು. ತುಟ್ಟಿಭತ್ಯೆ ಸಿಗುವ ಹಳೆ ಸರ್ಕಾರಿ ಪಿಂಚಣಿ ಇದ್ದವರು ಮಾತ್ರ ಮೊದಲೇ ಕಳೆಯಬಹುದು, ಅದು ಬೆಲೆಯ ಹಿಂದೆಯೇ ಏರುತ್ತದೆ. ಮನೆಯಲ್ಲಿ ಎರಡೂ ಬಗೆಯ ಪಿಂಚಣಿ ಇದ್ದರೆ ಒಂದೇ ಸಾಲಿನಲ್ಲಿ ಕೂಡಿಸಬೇಡಿ.

ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಬಡ್ಡಿಯೂ ಏರದ ಸಾಲಿಗೇ ಸೇರುತ್ತದೆ. ಐದು ವರ್ಷ ಬಡ್ಡಿ ದರ ಬದಲಾಗುವುದಿಲ್ಲ. ಮೂರು ತಿಂಗಳಿಗೊಮ್ಮೆ ಬರುವ ಬಡ್ಡಿಯನ್ನೆಲ್ಲ ಖರ್ಚು ಮಾಡಿ ಅಸಲು ಹಾಗೇ ಇದೆ ಎಂದು ಸಮಾಧಾನಪಟ್ಟರೆ, ಹನ್ನೆರಡು ವರ್ಷದಲ್ಲಿ ಆ ಅಸಲಿನ ಕೊಳ್ಳುವ ಶಕ್ತಿ ಅರ್ಧಕ್ಕೆ ಇಳಿದಿರುತ್ತದೆ.

ಇನ್ನೊಂದು, ಪಾಸ್‌ಬುಕ್ ನೋಡಿ ಮೋಸ ಹೋಗುವುದು. ಸರಿಯಾಗಿ ನಡೆದರೆ 68.9 ಲಕ್ಷ 65ನೇ ವಯಸ್ಸಿಗೆ ಸುಮಾರು 83.3 ಲಕ್ಷ ಆಗಿರುತ್ತದೆ. ಬೆಳೆದದ್ದೆಲ್ಲ ಹೆಚ್ಚುವರಿ ಅಂತ ಮೊಮ್ಮಗಳ ಮದುವೆಗೆ ಕೈ ಬಿಚ್ಚಿದರೆ, ಮುಂದಿನ 25 ವರ್ಷಕ್ಕೆ ಬೇಕಾದ ಹಣಕ್ಕೇ ಕೈ ಹಾಕಿದಂತೆ. ಪ್ರತಿ ಏಪ್ರಿಲ್‌ನಲ್ಲಿ ಉಳಿದ ವರ್ಷಗಳನ್ನೂ ಆ ವರ್ಷದ ನಿಜವಾದ ಖರ್ಚನ್ನೂ ಹಾಕಿ ಸೂತ್ರವನ್ನು ಮತ್ತೆ ಓಡಿಸಿ, ಬ್ಯಾಂಕಿನಲ್ಲಿರುವ ಮೊತ್ತದ ಪಕ್ಕದಲ್ಲಿ ಬರೆದಿಡಬೇಕು. 65ರಲ್ಲಿ ಖರ್ಚು ಅಂದಾಜಿನ 40,150 ಆಗದೆ 42,000 ಆಗಿದ್ದರೆ, ತಿಂಗಳಿಗೆ 1,850 ರೂ. ಮಾತ್ರ ಹೆಚ್ಚು, ಬೇಕಾದ ಮೊತ್ತ ಮಾತ್ರ 4.5 ಲಕ್ಷ ಮೇಲೇರಿರುತ್ತದೆ.