ಮಧ್ಯಾಹ್ನದ ಮೆಸೇಜಿಗೆ ರಾತ್ರಿ ಉತ್ತರ: ಇಷ್ಟ ಇಲ್ಲವೋ, ಅಭ್ಯಾಸವೇ ಹಾಗೋ?

ಪ್ರಶ್ನೆ: ನಾನು ಧಾರವಾಡದ ಕಡೆಯವನು, ವಯಸ್ಸು 29. ಪುಣೆಯ ವಾಕಡ್‌ನಲ್ಲಿ ಇದ್ದೇನೆ. ಹೋದ ತಿಂಗಳು ಮುಂಬೈಯ ಮಾಟುಂಗಾದಲ್ಲಿ ಒಂದು ಕನ್ನಡ ಕಾರ್ಯಕ್ರಮಕ್ಕೆ ಹೋಗಿದ್ದೆ. ಅಲ್ಲಿ ಡೊಂಬಿವಲಿಯ ಒಬ್ಬರ ಪರಿಚಯವಾಯಿತು. ಒಂದು ಗಂಟೆ ಚೆನ್ನಾಗಿ ಮಾತಾಡಿದೆವು, ನಂಬರ್ ಅವರೇ ಕೊಟ್ಟರು. ಆದರೆ ನಾನು ಮಧ್ಯಾಹ್ನ ಮೆಸೇಜ್ ಮಾಡಿದರೆ ಉತ್ತರ ಬರುವುದು ರಾತ್ರಿ. ಎಷ್ಟೋ ಸಲ ಬ್ಲೂ ಟಿಕ್ ಆಗಿರುತ್ತದೆ, ಉತ್ತರ ಮಾತ್ರ ಇಲ್ಲ. ಅವರಿಗೆ ಆಸಕ್ತಿ ಇಲ್ಲ ಅಂತ ತಿಳಿದುಕೊಳ್ಳಲೇ? ಅಥವಾ ಕೆಲವರು ಇರುವುದೇ ಹೀಗಾ?

ಉತ್ತರ: ಈ ಪ್ರಶ್ನೆ ನನಗೆ ಹೊಸದಲ್ಲ. ಕೇಳುವವರು ಬೇರೆ, ಊರು ಬೇರೆ, ಗಂಟೆಗಳ ಲೆಕ್ಕ ಮಾತ್ರ ಎಲ್ಲರ ಹತ್ತಿರವೂ ಪಕ್ಕಾ ಇರುತ್ತದೆ. ಅದಕ್ಕೇ ಈ ಸಲ ಆ ಲೆಕ್ಕವನ್ನೇ ಸರಿಯಾಗಿ ಮಾಡೋಣ ಅನಿಸಿತು. ಎರಡು ವಾರದ ಮೆಸೇಜುಗಳ ಸಮಯ ಬರೆದು ಕಳಿಸಿ, ಅವರು ಏನು ಬರೆದರು ಅಂತ ಬೇಡ, ಯಾವಾಗ ಬರೆದರು ಅಷ್ಟೇ ಸಾಕು ಎಂದು ಕೇಳಿದೆ. ಪಾಪ, ಸಾಲು ಸಾಲಾಗಿ ಬರೆದು ಕಳಿಸಿದರು.

ಅದರಲ್ಲಿ ಇದ್ದದ್ದು ಇಷ್ಟು. ಉತ್ತರ ಬೇಡುವ ಮೆಸೇಜು 16, ಉತ್ತರ ಬಂದದ್ದು 15ಕ್ಕೆ. ಬಾರದೆ ಹೋದ ಒಂದು, ಯಾರೋ ಫಾರ್ವರ್ಡ್ ಮಾಡಿದ ಜೋಕು. (ಅದಕ್ಕೆ ನಾನೂ ಉತ್ತರ ಕೊಡುತ್ತಿರಲಿಲ್ಲ.) 15ರಲ್ಲಿ 11 ಉತ್ತರಗಳು ರಾತ್ರಿ ಒಂಬತ್ತೂವರೆಯಿಂದ ಹನ್ನೊಂದರ ಒಳಗೆ ಬಂದಿವೆ. ಎರಡು ಮರುದಿನ ಬೆಳಿಗ್ಗೆ ಏಳೂವರೆ ಹೊತ್ತಿಗೆ. ಉಳಿದ ಎರಡು ಭಾನುವಾರ, ಅರ್ಧ ಗಂಟೆಯೊಳಗೆ. ಸರಾಸರಿ ಹಾಕಿದರೆ ಸುಮಾರು ಒಂಬತ್ತು ಗಂಟೆ.

ಒಂಬತ್ತು ಗಂಟೆ ಎಂದ ಕೂಡಲೇ ಎದೆ ಧಸಕ್ಕೆನ್ನುತ್ತದೆ, ಅಲ್ವಾ? ಆದರೆ ಇಲ್ಲಿ ನೋಡಬೇಕಾದದ್ದು ಒಂಬತ್ತನ್ನಲ್ಲ. ಅದು ಎಷ್ಟು ಒಂದೇ ಸಮ ಇದೆ ಎನ್ನುವುದನ್ನು. 2006ರಲ್ಲಿ ಯೋರಾಮ್ ಕಾಲ್ಮನ್ ಮತ್ತು ಅವರ ಜೊತೆಗಾರರು ಉತ್ತರ ತಡವಾಗುವುದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಕಚೇರಿಯ ಇಮೇಲುಗಳು, ವಿಶ್ವವಿದ್ಯಾಲಯದ ಆನ್‌ಲೈನ್ ಚರ್ಚೆ, ಇಂಟರ್ನೆಟ್ಟಿನ ಪ್ರಶ್ನೋತ್ತರ, ಮೂರನ್ನೂ ತೆಗೆದುಕೊಂಡಿದ್ದರು. ಮೂರು ಕಡೆಯೂ ಒಂದೇ ರೀತಿ ಕಂಡಿತು. ಹೆಚ್ಚಿನ ಉತ್ತರಗಳು ಸರಾಸರಿ ಸಮಯದ ಒಳಗೇ ಬಂದುಬಿಡುತ್ತವೆ. ಸರಾಸರಿಯ ಹತ್ತು ಪಟ್ಟು ಸಮಯ ದಾಟಿದ ಮೇಲೆ ಬರುವ ಉತ್ತರ ಬಹಳ ಅಪರೂಪ. ಅಂದರೆ ಮೌನ ಶುರುವಾಗುವುದು ಎಲ್ಲರಿಗೂ ಒಂದೇ ಗಂಟೆಗಲ್ಲ. ಅದು ಆಯಾ ಜನರ ವೇಗದ ಮೇಲೆ ಹೋಗುತ್ತದೆ.

ಅವರು ನೋಡಿದ್ದು ಇಮೇಲು, ಚರ್ಚೆ. ವಾಟ್ಸಾಪಿನ ಹೊಸ ಪರಿಚಯವನ್ನಲ್ಲ. ಆದ್ದರಿಂದ ಹತ್ತು ಪಟ್ಟು ಎನ್ನುವುದನ್ನು ಅಳತೆಗೋಲಿನ ಹಾಗೆ ಹಿಡಿಯಬೇಡಿ. ಹಿಡಿಯಬೇಕಾದದ್ದು ಅದರ ಹಿಂದಿನ ವಿಷಯ: ಅವರ ವೇಗವನ್ನು ನಿಮ್ಮ ವೇಗದ ಜೊತೆ ಹೋಲಿಸಬೇಡಿ, ಅವರದೇ ಹಿಂದಿನ ವೇಗದ ಜೊತೆ ಹೋಲಿಸಿ. ಈ ಹುಡುಗಿಯ ಲೆಕ್ಕದಲ್ಲಿ ಹತ್ತು ಪಟ್ಟು ಅಂದರೆ ಹತ್ತಿರ ಹತ್ತಿರ ನಾಲ್ಕು ದಿನ. ಎರಡು ವಾರದಲ್ಲಿ ಅವರು ತೆಗೆದುಕೊಂಡ ಅತಿ ಹೆಚ್ಚು ಸಮಯ ಹದಿನೆಂಟು ಗಂಟೆ ಚಿಲ್ಲರೆ. ಮೊದಲ ದಿನ ಹೇಗೋ ಹದಿನಾಲ್ಕನೇ ದಿನವೂ ಹಾಗೇ.

ಇದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. ಪಣಜಿಯಲ್ಲಿರುವ ನನ್ನ ಗೆಳತಿಗೆ ಒಬ್ಬರ ಪರಿಚಯವಾಗಿತ್ತು. ಮೊದಲ ವಾರ ಹತ್ತು ನಿಮಿಷಕ್ಕೆ ಉತ್ತರ. ಮೂರನೇ ವಾರ ಆರು ಗಂಟೆ. ಆರು ಗಂಟೆ ಒಂಬತ್ತಕ್ಕಿಂತ ಕಡಿಮೆಯೇ, ಆದರೆ ಅವಳ ಕಥೆಯಲ್ಲಿ ಅದು ಮೂವತ್ತಾರು ಪಟ್ಟು. ಹೊಸತರಲ್ಲಿ ಎಲ್ಲರೂ ಸ್ವಲ್ಪ ಜಾಸ್ತಿ ಚುರುಕಾಗಿರುತ್ತಾರೆ, ಆಮೇಲೆ ಸ್ವಲ್ಪ ನಿಧಾನವಾಗುವುದು ಸಹಜ. ಅದಕ್ಕೇ ವೇಗ ಇಳಿದದ್ದನ್ನು ಮಾತ್ರ ನೋಡಿ ನಿರ್ಧಾರ ಮಾಡಬೇಡ ಎಂದಿದ್ದೆ. ಅವಳು ಆ ಉತ್ತರಗಳನ್ನೇ ಓದಿ ಹೇಳಿದಳು. "ಹ್ಞೂಂ." "ಓಕೆ." "ಹೌದಾ, ಗ್ರೇಟ್." ಒಂದರಲ್ಲೂ ಪ್ರಶ್ನೆ ಇಲ್ಲ. ಮಾತು ಶುರು ಮಾಡುವವಳು ಪ್ರತಿ ಸಲವೂ ಇವಳೇ. ಅಲ್ಲಿ ನನಗೂ ಅನುಮಾನ ಉಳಿಯಲಿಲ್ಲ.

ಡೊಂಬಿವಲಿಯ ಉತ್ತರಗಳು ಹಾಗಿಲ್ಲ. ನಮ್ಮ ಓದುಗರು ಒಂದು ಮಧ್ಯಾಹ್ನ, ಬಾಡಿಗೆ ಮನೆಯಲ್ಲಿ ನೀರಿಲ್ಲ, ಟ್ಯಾಂಕರ್ ತರಿಸಬೇಕು ಎಂದು ಬರೆದಿದ್ದರಂತೆ. ರಾತ್ರಿ ಹತ್ತಕ್ಕೆ ನಾಲ್ಕು ಸಾಲು ಉತ್ತರ ಬಂದಿದೆ. ಮಾರನೆಯ ದಿನ, ಇವರು ಬೇರೇನೋ ವಿಷಯ ತೆಗೆದಾಗ, "ಅದಿರಲಿ, ನೀರು ಬಂತಾ?" ಎಂದು ಅವರೇ ಕೇಳಿದ್ದಾರೆ. ಈ ಮಾತನ್ನು ಓದುಗರು ಪತ್ರದ ಕೊನೆಯಲ್ಲಿ ಸುಮ್ನೆ ಸೇರಿಸಿದ್ದರು. ನನ್ನ ಕಣ್ಣಿಗೆ ಬಿದ್ದದ್ದೇ ಅದು. ಆಸಕ್ತಿ ಇಲ್ಲದವರು ನಿಮ್ಮ ಮನೆಯ ನೀರಿನ ಚಿಂತೆಯನ್ನು ಒಂದು ದಿನ ನೆನಪಿಟ್ಟುಕೊಳ್ಳುವುದಿಲ್ಲ.

ಹಾಗಾದರೆ ಹಗಲೆಲ್ಲ ಯಾಕೆ ಮೌನ? ಡೊಂಬಿವಲಿಯಿಂದ ಬೆಳಿಗ್ಗೆ ಫಾಸ್ಟ್ ಲೋಕಲ್ ಹಿಡಿದು ನೋಡಿದವರಿಗೆ ಇದು ಗೊತ್ತಿರುತ್ತದೆ. ಲೇಡೀಸ್ ಡಬ್ಬಿಯಲ್ಲಿ ಚೀಲವನ್ನು ಎದೆಗೆ ಅಪ್ಪಿಕೊಂಡು ನಿಂತರೆ ಅದರೊಳಗಿನ ಫೋನಿಗೆ ಕೈ ಹೋಗುವುದು ಇಳಿದ ಮೇಲೇ. ಆಫೀಸಿನಲ್ಲೂ ಕೆಲವರಿಗೆ ಫೋನ್ ಹತ್ತಿರ ಇರುವುದಿಲ್ಲ. ಮ್ಯೂಚುವಲ್ ಫಂಡಿನ ಡೀಲಿಂಗ್ ರೂಮಿನಂಥ ಕಡೆ, ಎಷ್ಟೋ ಕಾಲ್ ಸೆಂಟರುಗಳಲ್ಲಿ ಸ್ವಂತ ಮೊಬೈಲ್ ಒಳಗೆ ಒಯ್ಯಲು ಬಿಡುವುದಿಲ್ಲ. ಇನ್ನು ಮನೆ. ಒಂದೇ ಬೆಡ್‌ರೂಮಿನ ಮನೆಯಲ್ಲಿ ಅಪ್ಪ, ಅಮ್ಮ, ತಮ್ಮ ಎಲ್ಲರ ನಡುವೆ ಕೂತು ಹೊಸ ಹುಡುಗನಿಗೆ ಟೈಪ್ ಮಾಡುವುದು ಎಂದರೆ ಊರಿಗೇ ಡಂಗುರ ಸಾರಿದ ಹಾಗೆ. ಊಟ ಮುಗಿದು ಎಲ್ಲರೂ ಟೀವಿ ಮುಂದೆ ಕೂತ ಮೇಲೆ, ಅಂದರೆ ಸರಿಯಾಗಿ ಒಂಬತ್ತೂವರೆಯ ನಂತರವೇ ಅವರಿಗೆ ಬಿಡುವು ಸಿಗುತ್ತಿರಬಹುದು.

ಬ್ಲೂ ಟಿಕ್ಕಿಗೆ ಜಾಸ್ತಿ ಬೆಲೆ ಕೊಡಬೇಡಿ. ಅದು ಹೇಳುವುದು ಚಾಟ್ ತೆರೆದಿದೆ ಎಂದು ಮಾತ್ರ. ಟೀ ಕುಡಿಯುವಾಗ ಒಂದು ನಿಮಿಷ ತೆರೆದು ನೋಡಿದರೂ ನೀಲಿಯೇ. ಬ್ಲೂ ಟಿಕ್ ಇಲ್ಲ ಅಂದರೂ ಓದಿಲ್ಲ ಅಂತಲ್ಲ, ಮೇಲೆ ಬರುವ ನೋಟಿಫಿಕೇಶನ್‌ನಲ್ಲೇ ಓದಿರಬಹುದು, ಅಥವಾ ರೀಡ್ ರಿಸೀಟ್ಸ್ ಆಫ್ ಮಾಡಿರಬಹುದು. ಗ್ರೂಪಿನಲ್ಲಿ ಮಾತ್ರ ಅದನ್ನು ಆಫ್ ಮಾಡಲು ಬರುವುದಿಲ್ಲ. ನನ್ನ ನಾದಿನಿಯ ಗುಟ್ಟು ರಟ್ಟಾದದ್ದು ಅಲ್ಲೇ. ಮನೆಯವರ ಗ್ರೂಪಿನಲ್ಲಿ ಎಲ್ಲರಿಗಿಂತ ಮೊದಲು ಓದುತ್ತಾಳೆ, ಮೊದಲು ಉತ್ತರಿಸುತ್ತಾಳೆ. ನನ್ನೊಬ್ಬಳ ಮೆಸೇಜಿಗೆ ಎರಡು ದಿನ. ಕೇಳಿದರೆ, "ಅತ್ತಿಗೆ, ನಿಮಗೆ ಸರಿಯಾಗಿ ಬರೀಬೇಕಲ್ಲಾ" ಎನ್ನುತ್ತಾಳೆ. ಹೀಗೂ ಇರುತ್ತಾರೆ. ಯಾರಿಗೆ ಯೋಚಿಸಿ ಬರೆಯಬೇಕು ಅನಿಸುತ್ತದೋ ಅವರಿಗೇ ತಡ.

ಇಷ್ಟಾದ ಮೇಲೆ ಓದುಗರಿಗೆ ಇನ್ನೊಂದು ಪ್ರಶ್ನೆ ಕೇಳಿದೆ. ನೀವು ಯಾವ ಅಕ್ಷರದಲ್ಲಿ ಬರೆಯುತ್ತೀರಿ, ಅವರು ಯಾವುದರಲ್ಲಿ?

ಇವರು ಕನ್ನಡ ಲಿಪಿಯಲ್ಲಿ, ಎಂಟು ಹತ್ತು ಸಾಲು. ಅವರು ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ, ಎರಡು ನಾಲ್ಕು ಸಾಲು.

ಮುಂಬೈಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳ ವಿಷಯ ಇಲ್ಲಿ ಬರುತ್ತದೆ. ಮನೆಯಲ್ಲಿ ಅಚ್ಚ ಕನ್ನಡ ಮಾತು, ಶಾಲೆ ಮಾತ್ರ ಮರಾಠಿಯದೋ ಇಂಗ್ಲಿಷಿನದೋ. ಮಾತಾಡಲು ಕೂತರೆ ನಮ್ಮನ್ನು ಮೀರಿಸುತ್ತಾರೆ. ಓದಲು ಕೊಟ್ಟರೆ ಅಕ್ಷರ ಕೂಡಿಸಿಕೊಂಡು ಓದಬೇಕು. ನನ್ನ ಮಗಳಿಗೆ ಕನ್ನಡದ ಹತ್ತು ಸಾಲು ಓದಲು ಐದು ನಿಮಿಷ ಬೇಕು, ಒತ್ತಕ್ಷರ ಬಂದರೆ ಅಮ್ಮನ ಮುಖ ನೋಡುತ್ತಾಳೆ. ಎದುರಿಗೆ ಒಂದು ಗಂಟೆ ಮಾತಾಡಿದ ಹುಡುಗಿ ಮೆಸೇಜಿನಲ್ಲಿ ತಡ ಮಾಡುವುದಕ್ಕೆ ಇದೂ ಒಂದು ಕಾರಣ ಇರಬಹುದು. ಹೊಸಬರಿಗೆ "ನನಗೆ ಕನ್ನಡ ಓದಲು ಕಷ್ಟ" ಎಂದು ಹೇಳಿಕೊಳ್ಳಲು ನಾಚಿಕೆ. ಭಾನುವಾರ ಅರ್ಧ ಗಂಟೆಯೊಳಗೆ ಬಂದ ಆ ಎರಡು ಉತ್ತರ ಯಾವುದಕ್ಕೆ ಎಂದು ಹಿಂದೆ ಹೋಗಿ ನೋಡಲು ಹೇಳಿದೆ. ಒಂದು, ಸಿಂಹಗಡದ ಮೇಲೆ ತೆಗೆದ ಫೋಟೋಗೆ. ಇನ್ನೊಂದು, ವಾಯ್ಸ್ ಮೆಸೇಜಿಗೆ! ಭಾನುವಾರ ರಜೆ ಎನ್ನುವುದೂ ಇದೆ, ಅದಕ್ಕೆ ಇದೇ ಪುರಾವೆ ಎನ್ನಲಾರೆ. ಆದರೆ ಪರೀಕ್ಷಿಸಲು ಖರ್ಚೇನೂ ಇಲ್ಲ. ಒಂದು ವಾರ ಬರೆಯುವುದನ್ನು ಕಡಿಮೆ ಮಾಡಿ, ಒಂದು ನಿಮಿಷದೊಳಗಿನ ವಾಯ್ಸ್ ಮೆಸೇಜ್ ಕಳಿಸಿ, ಅದೂ ರಾತ್ರಿ ಒಂಬತ್ತರ ಮೇಲೆ.

ಆಮೇಲೂ ಅನುಮಾನ ಇದ್ದರೆ ಕೇಳಿಬಿಡಿ. "ಯಾಕೆ ರಿಪ್ಲೈ ಮಾಡಲ್ಲ?" ಅಂತಲ್ಲ. ಆ ಮಾತಿಗೆ ಎಂಥವರೂ ಸಾರಿ ಎನ್ನುತ್ತಾರೆ, ನಿಮಗೆ ತಿಳಿಯುವುದು ಏನೂ ಇಲ್ಲ. ಹೀಗೆ ಕೇಳಿ: "ನಾನು ಟೈಪ್ ಮಾಡೋದು ಜಾಸ್ತಿ. ನಿಮಗೆ ಫೋನಲ್ಲಿ ಮಾತಾಡೋದು ಅನುಕೂಲವಾ? ಯಾವ ಹೊತ್ತು ಆಗುತ್ತೆ?" ಮೆಸೇಜ್ ಒಗ್ಗದವರು ಇದಕ್ಕೆ ಒಂದು ಹೊತ್ತು ಹೇಳುತ್ತಾರೆ. ಮನಸ್ಸಿಲ್ಲದವರು "ನೋಡೋಣ" ಎನ್ನುತ್ತಾರೆ.

ಇನ್ನೂ ಗಟ್ಟಿಯಾದದ್ದು ಭೇಟಿಯ ಮಾತು. "ಯಾವಾಗಾದರೂ ಸಿಗೋಣ" ಎಂದು ತೇಲಿಸಿ ಬರೆದರೆ ಉತ್ತರವೂ ತೇಲುತ್ತದೆ. ದಿನ, ಜಾಗ ಎರಡೂ ಹೇಳಿ. "ಮುಂದಿನ ಭಾನುವಾರ ಸಿಂಹಗಡ ಎಕ್ಸ್‌ಪ್ರೆಸ್‌ನಲ್ಲಿ ಬರುತ್ತೇನೆ, ಕಲ್ಯಾಣದಲ್ಲಿ ಇಳಿಯುತ್ತೇನೆ. ಡೊಂಬಿವಲಿ ಅಲ್ಲಿಂದ ಎರಡನೇ ಸ್ಟೇಷನ್. ಹನ್ನೊಂದಕ್ಕೆ ಅಲ್ಲೇ ಎಲ್ಲಾದರೂ ಕಾಫಿಗೆ ಸಿಗೋಣವಾ? ಡೊಂಬಿವಲಿ ಬೇಡ ಅಂದರೆ ಮಾಟುಂಗಾ ಆದರೂ ಸರಿ." ಕೊನೆಯ ವಾಕ್ಯ ಬಿಡಬೇಡಿ. ತಮ್ಮದೇ ಊರಿನಲ್ಲಿ ಅಕ್ಕಪಕ್ಕದವರ ಕಣ್ಣಿಗೆ ಬೀಳುವ ಹೆದರಿಕೆಗೇ ಎಷ್ಟೋ ಹುಡುಗಿಯರು ಆಗಲ್ಲ ಎನ್ನುತ್ತಾರೆ.

ಇದಕ್ಕೆ ಉತ್ತರ ಹತ್ತು ನಿಮಿಷಕ್ಕೆ ಬರಲಿ, ಹತ್ತು ಗಂಟೆಗೆ ಬರಲಿ, ಅದು ಲೆಕ್ಕಕ್ಕಿಲ್ಲ. "ಆ ಭಾನುವಾರ ಮಾವನ ಮನೆಯಲ್ಲಿ ಪೂಜೆ ಇದೆ, ಅದರ ಮುಂದಿನ ವಾರ ಬನ್ನಿ" ಎಂದರೆ ಅದು ಬೇಡ ಎಂದಲ್ಲ, ಬನ್ನಿ ಎಂದೇ. ಬೇರೆ ದಿನ ಹೇಳದೆ ಬರೀ "ಆಗಲ್ಲ, ಬಿಜಿ" ಎಂದರೆ ಒಂದು ವಾರ ಬಿಟ್ಟು ಇನ್ನೊಂದು ಸಲ ಕೇಳಿ. ಎರಡನೇ ಸಲವೂ ಹಾಗೇ ಬಂದರೆ ಮೂರನೇ ಸಲ ಕೇಳಬೇಡಿ, ಕಾರಣವನ್ನೂ ಕೇಳಬೇಡಿ.

ಇದನ್ನು ಓದುಗರಿಗೆ ಮೊದಲೇ ಬರೆದು ಕಳಿಸಿದ್ದೆ. ನಿನ್ನೆ ಉತ್ತರ ಬಂತು. ವಾಯ್ಸ್ ಮೆಸೇಜ್ ಕಳಿಸಿದರಂತೆ, ರಾತ್ರಿ ಒಂಬತ್ತೂ ಮುಕ್ಕಾಲಿಗೆ. ಮೂರು ನಿಮಿಷದ ವಾಯ್ಸ್ ಮೆಸೇಜೇ ವಾಪಸು ಬಂದಿದೆ. ಅದರಲ್ಲಿ ಎರಡು ನಿಮಿಷ, ಇವರ "ವ್ಯವಸ್ಥೆ" ಎನ್ನುವ ಪದವನ್ನು ಓದಲು ಅವರು ಪಟ್ಟ ಪಾಡಿನ ಕಥೆ. ಭಾನುವಾರದ ವಿಷಯ ಇನ್ನೂ ಕೇಳಿಲ್ಲವಂತೆ.