ಬೆಟ್ಟದ ಕಸ ಬಯಲಿಗೆ ಇಳಿಯುವ ಮುನ್ನ

ಊರಂಚಿನ ಇಳಿಜಾರಿಗೆ ಕಸ ಸುರಿಯುವುದು ಬೆಟ್ಟದೂರುಗಳ ಹಳೆಯ ರೂಢಿ. 2000ದ ನಗರ ಘನತ್ಯಾಜ್ಯ ನಿಯಮಗಳು ಮನೆಮನೆ ಸಂಗ್ರಹಣೆಯನ್ನು ಕಡ್ಡಾಯ ಮಾಡಿದವು. 2016ರ ನಿಯಮಗಳು ಇನ್ನೂ ಮುಂದೆ ಹೋದವು. ಬೆಟ್ಟದ ಮೇಲೆ ಕಸ ಹೂಳುವ ಭೂಭರ್ತಿ ಬೇಡ, ಉಳಿಕೆ ಕಸಕ್ಕೆ ಮುಚ್ಚಿದ ವರ್ಗಾವಣೆ ಕೇಂದ್ರ ಇರಲಿ, ಕೆಳಗಿನ ಬಯಲಿನಲ್ಲಿ 25 ಕಿ.ಮೀ. ಒಳಗೆ ಜಾಗ ಹುಡುಕಿ, ಸಿಗದಿದ್ದರೆ ಹಲವು ಊರುಗಳಿಗೆ ಸೇರಿ ಒಂದು ಭೂಭರ್ತಿಗೆ ಪ್ರಯತ್ನಿಸಿ ಎಂದವು. ಮಡಿಕೇರಿಯಿಂದ ಕುಶಾಲನಗರವೇ ಸುಮಾರು 30 ಕಿ.ಮೀ.; ಅಲ್ಲಿಯೂ ಕಾವೇರಿ, ಗದ್ದೆ, ಮನೆಗಳು. ಹಾಗಾಗಿ ಕೊಡಗಿನಲ್ಲಿ ದೂರದ ಸಾಗಣೆಯನ್ನು ಲೆಕ್ಕಕ್ಕೆ ಹಿಡಿದೇ ಯೋಜನೆ ಮಾಡಬೇಕು.

ಹಸಿ ಕಸವನ್ನು ಊರಲ್ಲೇ ಗೊಬ್ಬರ ಮಾಡಿ, ದಿನಕ್ಕೆ 4 ಟನ್ ಉಳಿಕೆ ಕಸವನ್ನು 30 ಕಿ.ಮೀ. ದೂರಕ್ಕೆ ಕಳಿಸುವ ಪಟ್ಟಣವೊಂದನ್ನು ಊಹಿಸಿಕೊಳ್ಳೋಣ. ಆಟೋ ಟಿಪ್ಪರ್ ಒಮ್ಮೆಗೆ ಸುಮಾರು 700 ಕಿಲೋ ಹೊತ್ತರೆ ಆರು ಬಾರಿ ಹೋಗಿಬರಬೇಕು, ಅಂದರೆ 360 ಕಿ.ಮೀ. ಡೀಸೆಲ್‌ಗಿಂತ ದೊಡ್ಡ ನಷ್ಟ ಸಮಯದ್ದು: ಘಾಟಿಯಲ್ಲಿರುವ ಗಾಡಿ ಅಷ್ಟು ಹೊತ್ತು ಬೀದಿಯಲ್ಲಿರುವುದಿಲ್ಲ. ಟಿಪ್ಪರ್‌ಗಳು ವರ್ಗಾವಣೆ ಕೇಂದ್ರದಲ್ಲಿ ಸುರಿದದ್ದನ್ನು ಒಂದೇ ದೊಡ್ಡ ಕಂಟೇನರ್ ಲಾರಿ ಒಯ್ದರೆ 60 ಕಿ.ಮೀ.ಗೆ ಕೆಲಸ ಮುಗಿಯುತ್ತದೆ.

ಹಾಗಾದರೆ ಕೇಂದ್ರಕ್ಕೆ ಕಸ ಒತ್ತುವ ಯಂತ್ರ, ಕಾಂಪ್ಯಾಕ್ಟರ್, ಬೇಕೇ? ಸಡಿಲ ಒಣ ಕಸ ಘನ ಮೀಟರಿಗೆ 150 ಕಿಲೋ ತೂಗಿದರೆ 4 ಟನ್‌ಗೆ ಸುಮಾರು 27 ಘನ ಮೀಟರ್ ಜಾಗ ಬೇಕು. 16 ಘನ ಮೀಟರಿನ ಕಂಟೇನರ್‌ಗೆ ಅದು ಎರಡು ಬಾರಿಯ ಕೆಲಸ. ಒತ್ತಿ 300 ಕಿಲೋಗೆ ತಂದರೆ ಒಂದೇ ಬಾರಿ ಸಾಕು. ಹಸಿ ಕಸ ಬೆರೆತರೆ ಈ ಲೆಕ್ಕ ಕೆಡುತ್ತದೆ. ಅದು ಮೊದಲೇ ಭಾರ. ಕಂಟೇನರ್ ತುಂಬುವ ಮೊದಲೇ ಲಾರಿಯ ತೂಕದ ಮಿತಿ ಮುಟ್ಟುತ್ತದೆ, ಒತ್ತಿದಾಗ ಹಿಂಡಿದ ಕೊಳೆನೀರು ತಿರುವುಗಳಲ್ಲಿ ಸೋರುತ್ತದೆ. ಅರ್ಧ ತುಂಬಿದ ಕಂಟೇನರೇ ಮಿತಿಯ ತೂಕ ತೋರಿಸಿದರೆ ತೊಂದರೆ ಯಂತ್ರದ್ದಲ್ಲ, ಮನೆಬಾಗಿಲಿನ ವಿಂಗಡಣೆಯದು.

ಕೇಂದ್ರದ ಗಾತ್ರವನ್ನು ದಿನದ ಸರಾಸರಿಯಿಂದ ನಿರ್ಧರಿಸಬಾರದು. ಟಿಪ್ಪರ್‌ಗಳೆಲ್ಲ ಬೆಳಗಿನ ಸುತ್ತು ಮುಗಿಸಿ ಆರು ಲೋಡನ್ನೂ ಒಟ್ಟಿಗೇ ತರುತ್ತವೆ. ಸುರಿಯಲು ಒಂದಕ್ಕೆ 10 ನಿಮಿಷ ಹಿಡಿದರೂ ಒಂದೇ ಬಾಯಿಯ ಕೇಂದ್ರದಲ್ಲಿ ಕೊನೆಯ ಗಾಡಿ ಸುಮಾರು 50 ನಿಮಿಷ ಕಾಯುತ್ತದೆ. ಅದಕ್ಕಿಂತ ಮುಖ್ಯ, ಮಳೆಗಾಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ರಸ್ತೆಗಳು ಮುಚ್ಚಿದ್ದವು. ಮೂರು ದಿನ ಲಾರಿ ಇಳಿಯದಿದ್ದರೆ 12 ಟನ್, ಅಂದರೆ 80 ಘನ ಮೀಟರ್ ಸಡಿಲ ಕಸ ಸೇರುತ್ತದೆ. ಒಂದೂವರೆ ಮೀಟರ್ ಎತ್ತರಕ್ಕೆ ರಾಶಿ ಹಾಕಿದರೂ ಸುಮಾರು 55 ಚದರ ಮೀಟರ್ ಬೇಕು, ಲೋಡರ್ ಓಡಾಡಲು ಇನ್ನೂ ಅಷ್ಟೇ, ಎಲ್ಲವೂ ಸೂರಿನಡಿಯಲ್ಲಿ.

ಕೇಂದ್ರದ ಜಾಗ ಊರಿನಿಂದ ಬಯಲಿಗೆ ಇಳಿಯುವ ರಸ್ತೆಯ ಮೇಲೇ ಇದ್ದರೆ ಗಾಡಿಗಳು ಹಿಂದಕ್ಕೆ ಸುತ್ತುವುದಿಲ್ಲ. ಟಿಪ್ಪರ್ ಮೇಲಿನಿಂದ ಸುರಿಯಲು ಸುಮಾರು 3 ಮೀಟರ್ ಎತ್ತರದ ಕಟ್ಟೆ ಬೇಕು. ಹತ್ತಕ್ಕೊಂದರ ಏರಿನಲ್ಲಿ ಅದಕ್ಕೆ 30 ಮೀಟರ್ ರ‍್ಯಾಂಪ್. ಈ ಎತ್ತರವನ್ನು ಅಗ್ಗದಲ್ಲಿ ಪಡೆಯಲು ಇಳಿಜಾರಿನ ಬರೆ ಕಡಿಯುವುದೇ ಕೊಡಗಿನಲ್ಲಿ ಅತಿ ಅಪಾಯದ ನಿರ್ಧಾರ, ಏಕೆಂದರೆ ಬುಡ ಕಳೆದುಕೊಂಡ ಇಳಿಜಾರು ಮಳೆನೀರು ಕುಡಿದಾಗ ಜಾರುತ್ತದೆ. ಮೊದಲೇ ಮೆಟ್ಟಿಲಾಗಿರುವ ಗಟ್ಟಿ ನೆಲ ಹುಡುಕಬೇಕು, ಇಲ್ಲವೇ ಸಮತಟ್ಟಿನಲ್ಲಿ ಕಾಂಕ್ರೀಟ್ ರ‍್ಯಾಂಪ್ ಕಟ್ಟಬೇಕು. ಸೂರಿನ ಮಳೆನೀರು ಒಂದು ಚರಂಡಿಗೆ, ನೆಲದ ಕೊಳೆನೀರು ಬೇರೆ ತೊಟ್ಟಿಗೆ ಹೋಗಲಿ. ಎರಡೂ ಸೇರಿದರೆ ಜುಲೈಯ ಒಂದೇ ಮಳೆಗೆ ತೊಟ್ಟಿ ಉಕ್ಕಿ ಕೆಳಗಿನ ತೋಡಿಗೆ ಹರಿಯುತ್ತದೆ.