ಬಂದ ಮುಯ್ಯಿಗಿಂತ ಜಾಸ್ತಿ ಹಾಕಿ ಕೊಡಲೇಬೇಕಾ?

ಪ್ರಶ್ನೆ: ಮಗಳ ಮದುವೆಗೆ ಬಂದ ಮುಯ್ಯಿಯನ್ನೆಲ್ಲ ಬರೆದಿಟ್ಟಿದ್ದೇವೆ. ಈಗ ಒಬ್ಬೊಬ್ಬರ ಮನೆಯಲ್ಲೂ ಕಾರ್ಯ ಶುರುವಾಗಿದೆ. ಬಂದದ್ದಕ್ಕಿಂತ ಜಾಸ್ತಿ ಹಾಕಿಯೇ ತಿರುಗಿಸಬೇಕು ಅಂತಾರೆ, ಹೌದಾ?

ಇಲ್ಲ. ಪ್ರತಿ ಮದುವೆ ಸೀಸನ್ನಿಗೂ ಇದೇ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ ಇದೇ ಉತ್ತರ ಕೊಡುತ್ತೇವೆ. ಆದರೂ ಈ ನಂಬಿಕೆ ಹೋಗುವುದಿಲ್ಲ, ಹಾಗಾಗಿ ಈ ಸಲ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ಜಾಸ್ತಿ ಹಾಕಬೇಕು ಎನ್ನುವವರು 501ರ ಆ ಒಂದು ರೂಪಾಯಿಯನ್ನು ತೋರಿಸುತ್ತಾರೆ. ಅದನ್ನು ಇಡುವುದು ಮೊತ್ತ ಸೊನ್ನೆಯಲ್ಲಿ ಮುಗಿಯಬಾರದು ಎಂದು. ಮೊದಲು ಕೊಟ್ಟವರ ಕವರಿನಲ್ಲೂ ಅದು ಇತ್ತಲ್ಲ, ಅವರು ಯಾವ ಹಳೆಯ ಬಾಕಿ ತೀರಿಸುತ್ತಿದ್ದರು? ಇನ್ನು ಲೆಕ್ಕವನ್ನೇ ನೋಡಿ. ಅವರು 500 ಕೊಟ್ಟರು, ನೀವು 1,000 ಕೊಟ್ಟಿರಿ. ಅವರು ಅದಕ್ಕೂ ಮೇಲೆ 2,000 ಕೊಡಬೇಕು, ನೀವು 4,000. ಒಂದು ಮನೆಗೆ ಬೆಂಗಳೂರಿನ ಸಂಬಳ ಬರುತ್ತಿದ್ದು, ಇನ್ನೊಂದು ಮನೆಗೆ ಒಂದೇ ಎಕರೆ ಅಡಿಕೆ ತೋಟವಿದ್ದರೆ, ಕೊಳೆರೋಗ ಬಂದ ವರ್ಷ ತೋಟದವರು ಏನು ಮಾಡುತ್ತಾರೆ? ಕಡಿಮೆ ಹಾಕಲು ನಾಚಿ ಕಾರ್ಯಕ್ಕೇ ಬರುವುದಿಲ್ಲ. ನೆಂಟಸ್ತಿಕೆ ಉಳಿಸಲೆಂದು ಬರೆದ ಪುಸ್ತಕವೇ ನೆಂಟರನ್ನು ದೂರ ಮಾಡಿದ ಹಾಗಾಯಿತು.

ಬೆಲೆ ಏರಿದ್ದಕ್ಕೆ ಸರಿದೂಗಿಸುವುದು ಬೇರೆ ವಿಷಯ. 2012ರಿಂದ ಈಚೆಗೆ ಸಾಮಾನ್ಯ ಬೆಲೆಗಳು ಹೆಚ್ಚುಕಡಿಮೆ ಎರಡು ಪಟ್ಟಾಗಿವೆ. ಆಗ 501 ಹಾಕಿದವರಿಗೆ ಈಗ 1,001 ಹಾಕಿದರೆ ಅದು ಸಮ, ಜಾಸ್ತಿ ಅಲ್ಲ. ಎರಡು ವರ್ಷದ ಹಿಂದೆ ಬಂದ 501ಕ್ಕೆ 501 ಸಾಕು. ಇದಕ್ಕಾಗಿಯೇ ಪ್ರತಿ ಕಾರ್ಯದ ತಲೆಬರಹದಲ್ಲಿ ತಾರೀಖು, ಇಸವಿ ಇರಬೇಕು. ಬಂಗಾರ, ಬೆಳ್ಳಿ ಬಂದಿದ್ದರೆ ರೂಪಾಯಿ ಬರೆಯಬೇಡಿ, ಗ್ರಾಂ ಬರೆಯಿರಿ.

ಮೊತ್ತದ ಪಕ್ಕದಲ್ಲಿ ಇನ್ನೊಂದು ಅಂಕಣ ಬೇಕು. ಹೆಚ್ಚಿನ ಪುಸ್ತಕಗಳಲ್ಲಿ ಇಲ್ಲದ್ದು ಅದೇ. ಪಕ್ಕದ ಮನೆಯವರು ಕವರಿನಲ್ಲಿ 201 ಇಟ್ಟಿರುತ್ತಾರೆ. ಆದರೆ ಹಿಂದಿನ ದಿನವೇ ಬಂದು ಚಪ್ಪರ ಹಾಕಿ, ತಮ್ಮ ತೋಟದ ಬಾಳೆಲೆ, ಇಪ್ಪತ್ತು ತೆಂಗಿನಕಾಯಿ ತಂದು, ಮರುದಿನ ಎರಡು ಪಂಕ್ತಿ ಬಡಿಸಿರುತ್ತಾರೆ. ಪುಸ್ತಕದಲ್ಲಿ ಬರೀ 201 ಇದ್ದರೆ, ಹತ್ತು ವರ್ಷದ ನಂತರ ನಿಮ್ಮ ಮಗ ಊಟದ ಹೊತ್ತಿಗೆ ಹೋಗಿ 501ರ ಕವರು ಕೊಟ್ಟು, ಋಣ ತೀರಿತು ಎಂದುಕೊಂಡು ಬರುತ್ತಾನೆ. ‘ಚಪ್ಪರ, ಎಲೆ, ಕಾಯಿ 20, ಬಡಿಸಿದ್ದು’ ಎಂದು ಬರೆದಿದ್ದರೆ ಹಿಂದಿನ ದಿನವೇ ಹೋಗಬೇಕು ಎಂದು ಅವನಿಗೂ ತಿಳಿಯುತ್ತದೆ.

ಇನ್ನು ಬರೆಯುವ ಕ್ರಮ. ಕವರು ಕೈಗೆ ಬಂದ ಕೂಡಲೇ ಅದರ ಮೇಲೆ ಕ್ರಮಸಂಖ್ಯೆ ಹಾಕಿ. ಮಂಟಪದಲ್ಲಿ ಮದುಮಕ್ಕಳ ಪಕ್ಕ ಚೀಲ ಹಿಡಿದು ನಿಂತವರ ಕೈಯಲ್ಲೇ ಪೆನ್ನಿರಲಿ. ರಾತ್ರಿ ಚೀಲ ಸುರಿದ ಮೇಲೆ ಹಾಕಿದ ಸಂಖ್ಯೆ ಪ್ರಯೋಜನಕ್ಕಿಲ್ಲ. ಒಟ್ಟಿಗೆ ಬಂದವರ ಕವರುಗಳು ಅಕ್ಕಪಕ್ಕ ಇದ್ದರೆ ಹೆಸರಿಲ್ಲದ 47ನೇ ಕವರು ಯಾರದ್ದೆಂದು 46, 48ರವರನ್ನು ಕೇಳಿ ಪತ್ತೆ ಮಾಡಬಹುದು. ಗೊತ್ತಾಗದಿದ್ದರೆ ‘ಹೆಸರಿಲ್ಲ’ ಎಂದೇ ಬರೆಯಿರಿ, ಊಹಿಸಿ ಯಾರ ಹೆಸರನ್ನೂ ತುಂಬಬೇಡಿ.

ಒಬ್ಬರು ಕವರು ಬಿಚ್ಚಿ ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಬರೆಯಲಿ. ಪ್ರತಿ 25 ಕವರಿಗೆ ನಿಲ್ಲಿಸಿ ನೋಟು ಎಣಿಸಿ, ಪುಟದ ಮೊತ್ತಕ್ಕೆ ತಾಳೆ ನೋಡಿ. ಕೊನೆಯಲ್ಲಿ ಒಮ್ಮೆಲೇ ಎಣಿಸಿ 500 ಕಡಿಮೆ ಬಂದರೆ ಮುನ್ನೂರು ಕವರಿನಲ್ಲಿ ಎಲ್ಲಿ ಹುಡುಕುತ್ತೀರಿ? ತಾಳೆಯಾಗುವ ತನಕ ಖಾಲಿ ಕವರು ಎಸೆಯಬೇಡಿ. ಫೋನಿನಲ್ಲಿ ಹಾಕಿದ ದುಡ್ಡನ್ನೂ ಅದೇ ವಾರ ಇದೇ ಪುಸ್ತಕಕ್ಕೆ ಇಳಿಸಿ. ‘ಮಂಜುನಾಥ, ಸಾಗರ’ ಎಂದಷ್ಟೇ ಬರೆದರೆ ಮುಂದೆ ಯಾರಿಗೂ ಅರ್ಥವಾಗದು. ಊರು, ಮನೆಯ ಹೆಸರು, ಅಪ್ಪನ ಕಡೆಯೋ ಅಮ್ಮನ ಕಡೆಯೋ ಎನ್ನುವುದೂ ಇರಲಿ. ನಮ್ಮ ಮಳೆಗಾಲದ ಥಂಡಿಗೆ ಇಂಕು ಪೆನ್ನಿನ ಅಕ್ಷರ ಹರಡುತ್ತದೆ, ಬಾಲ್ ಪೆನ್ನಿನಲ್ಲಿ ಬರೆದು ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ.

ಯಾರೂ ಕೇಳದ ಒಂದು ವಿಷಯವನ್ನೂ ಇಲ್ಲೇ ಹೇಳಬೇಕು. ಮದುವೆಯ ಉಡುಗೊರೆಗೆ ಆದಾಯ ತೆರಿಗೆ ಇಲ್ಲ, ನಿಜ. ಆದರೆ ಆ ವಿನಾಯಿತಿ ಮದುಮಕ್ಕಳಿಗೆ ಮಾತ್ರ. ಗೃಹಪ್ರವೇಶಕ್ಕೂ ಉಪನಯನಕ್ಕೂ ಅದು ಇಲ್ಲ. ಕಾನೂನಿನ ಪಟ್ಟಿಯಲ್ಲಿರುವ ಸಂಬಂಧಿಕರನ್ನು ಬಿಟ್ಟು ಉಳಿದವರಿಂದ ಒಂದು ಹಣಕಾಸು ವರ್ಷದಲ್ಲಿ ಬಂದ ದುಡ್ಡು ಒಟ್ಟು 50,000 ದಾಟಿದರೆ, ದಾಟಿದ ಭಾಗವಷ್ಟೇ ಅಲ್ಲ, ಅಷ್ಟೂ ಮೊತ್ತ ಆದಾಯಕ್ಕೆ ಸೇರುತ್ತದೆ. ಅಣ್ಣ, ತಂಗಿ, ಚಿಕ್ಕಪ್ಪ, ಸೋದರಮಾವ ಪಟ್ಟಿಯಲ್ಲಿದ್ದಾರೆ. ಚಿಕ್ಕಪ್ಪನ ಮಗ ಇಲ್ಲ. ಗೃಹಪ್ರವೇಶದ ಪುಸ್ತಕದಲ್ಲಿ ಸಂಬಂಧ ಏನೆಂದು ಬರೆಯಲು ಇದೂ ಒಂದು ಕಾರಣ.